ಟೈಮ್ ಲೂಪ್ ಕಥೆಗೆ ಕಂಟಿನ್ಯುಟಿ ಚಾರ್ಟ್ ಹಾಕುವುದು

ಸಿನಿಮಾಗಳಲ್ಲಿ ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ತಾಳೆಯಾಗುವಂತೆ, ನೋಡಿಕೊಳ್ಳುವುದು ನನ್ನ ಕೆಲಸ. ಕಳೆದ ಮಳೆಗಾಲದಲ್ಲಿ ಮಡಿಕೇರಿ ಹತ್ತಿರದ ಕಾಫಿ ತೋಟದಲ್ಲಿ ಒಂದು ಕಿರುಚಿತ್ರ ಮಾಡಿದೆವು. ನಾಯಕ ಸಂಜೆ ಆರರಿಂದ ಅದೇ ದಿನ ಮಧ್ಯಾಹ್ನ ಮೂರಕ್ಕೆ ವಾಪಸ್ ಹೋಗುತ್ತಾನೆ, ಅಷ್ಟೇ ಕಥೆ.

ತಯಾರಿಗೆಂದು 2007ರ ಸ್ಪ್ಯಾನಿಷ್ ಸಿನಿಮಾ ‘ಟೈಮ್‌ಕ್ರೈಮ್ಸ್’ ಇಟ್ಟುಕೊಂಡು ಚಾರ್ಟ್ ಹಾಕಿದೆ. (ನೋಡದವರು ನೋಡಿ ಬಂದು ಓದಿ, ಮುಂದೆ ಕಥೆ ಪೂರ್ತಿ ಇದೆ.) ಮೇಲಿಂದ ಕೆಳಗೆ ಗಡಿಯಾರದ ಹೊತ್ತು. ಪಕ್ಕಪಕ್ಕದಲ್ಲಿ ಮೂರು ಕಾಲಂ, ಏಕೆಂದರೆ ಆ ಸಿನಿಮಾದ ನಾಯಕ ಹೆಕ್ಟರ್ ಎರಡು ಸಲ ಹಿಂದೆ ಹೋಗಿ ಮೂವರಾಗುತ್ತಾನೆ. ಇಬ್ಬರು ಎದುರಾಗುವ ಕಡೆ ಎರಡೂ ಕಾಲಂನಲ್ಲಿ ಒಂದೇ ಘಟನೆ ಇರಬೇಕು.

ಮೊದಲನೇ ಹೆಕ್ಟರ್‌ಗೆ ಮುಖಕ್ಕೆ ಬ್ಯಾಂಡೇಜ್ ಸುತ್ತಿದವನೊಬ್ಬ ಕತ್ತರಿಯಿಂದ ಚುಚ್ಚುತ್ತಾನೆ. ಚುಚ್ಚಿದವನು ಎರಡನೇ ಹೆಕ್ಟರ್. ಅವನ ತಲೆಗೆ ಗಾಯವಾಗಿದ್ದು ವ್ಯಾನ್ ಗುದ್ದಿ, ಆ ವ್ಯಾನ್ ಓಡಿಸಿದವನು ಮೂರನೆಯವನು. ನನಗೆ ತುಂಬಾ ಇಷ್ಟವಾಗಿದ್ದು ಮಾಡಿನಿಂದ ಹೆಂಗಸು ಬೀಳುವ ಜಾಗ. ಸತ್ತವಳು ತನ್ನ ಹೆಂಡತಿ ಎಂದು ಎರಡನೆಯವನು ನಂಬುತ್ತಾನೆ. ಮೂರನೆಯವನು ಬಂದು ಆ ಸಾವನ್ನು ತಪ್ಪಿಸುವುದಿಲ್ಲ. ಇನ್ನೊಬ್ಬ ಹುಡುಗಿಯ ಕೂದಲು ಕತ್ತರಿಸಿ, ಹೆಂಡತಿಯ ಕೋಟು ತೊಡಿಸುತ್ತಾನೆ. ಬಿದ್ದದ್ದು ಮೊದಲಿನಿಂದಲೂ ಆ ಹುಡುಗಿಯೇ. ನಡೆದದ್ದು ಬದಲಾಗಲಿಲ್ಲ, ನೋಡಿದವನು ತಿಳಿದದ್ದು ತಪ್ಪಾಗಿತ್ತು. ಹಾಗಾಗಿ ಟೈಮ್‌ಲೈನ್ ಎಲ್ಲೂ ಮುರಿಯುವುದಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಎರಡನೆಯವನು ಆ ಹುಡುಗಿಯನ್ನು ಕಾಡಿನಲ್ಲಿ ಬಟ್ಟೆ ಬಿಚ್ಚಿಸಿ ನಿಲ್ಲಿಸುವುದು ಮೊದಲು ತಾನೇ ಅದನ್ನು ನೋಡಿದ್ದಕ್ಕೆ. ಹಾಗಾದರೆ ಆ ಉಪಾಯ ಹೊಳೆದದ್ದು ಯಾರಿಗೆ? ಯಾರಿಗೂ ಅಲ್ಲ. ಇದು ವಿಚಿತ್ರ, ಆದರೆ ಎಲ್ಲೂ ತಾಳೆ ತಪ್ಪುವುದಿಲ್ಲ. ಮಾತು, ನೆನಪು ಎಷ್ಟು ಸುತ್ತು ಬಂದರೂ ಸವೆಯುವುದಿಲ್ಲ ಅಲ್ವಾ?

ವಸ್ತು ಸವೆಯುತ್ತದೆ. ನಮ್ಮ ಸ್ಕ್ರಿಪ್ಟ್ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಮೂರು ಗಂಟೆಗೆ ಹಿಂದಿರುಗಿ ಬಂದವನು ಮೊದಲಿನವನಿಗೆ ಒಂದು ಟಾರ್ಚ್ ಕೊಡುತ್ತಾನೆ. ಇವನು ಅದನ್ನು ಮಂಜಿನಲ್ಲಿ ಆರರವರೆಗೆ ಉರಿಸಿ, ಅದನ್ನೇ ಹಿಡಿದು ಹಿಂದೆ ಹೋಗಿ, ಮೊದಲಿನವನ ಕೈಗಿಡುತ್ತಾನೆ. ಟಾರ್ಚ್ ಕೊಂಡವರೇ ಇಲ್ಲ. ಅದು ಹೋಗಲಿ ಎಂದರೂ ಬ್ಯಾಟರಿ ಬಿಡುವುದಿಲ್ಲ. ಮೂರಕ್ಕೆ ಕೊಟ್ಟಾಗ ಇದ್ದ ಚಾರ್ಜ್ ಆರಕ್ಕೆ ಉಳಿದದ್ದೇ ಆಗಿರಬೇಕು, ಆದರೆ ನಡುವೆ ಮೂರು ಗಂಟೆ ಉರಿದಿದೆ.

“ಇದನ್ನೆಲ್ಲ ಯಾರು ನೋಡ್ತಾರೆ ಮೇಡಂ?” ಎಂದರು ನಿರ್ದೇಶಕರು. ಚಾರ್ಟ್ ತೋರಿಸಿದೆ. “ಟಾರ್ಚ್ ಮಂಕಾಗೋದನ್ನ ನೀವೇ ಕ್ಲೋಸಪ್‌ನಲ್ಲಿ ತೋರಿಸ್ತಿದ್ದೀರಿ ಸರ್” ಎಂದೆ. ಒಪ್ಪಿದರು. ಟಾರ್ಚನ್ನು ತೋಟದ ಕೆಲಸದವರ ಲೈನ್ ಮನೆಯ ಗೋಡೆಯ ಮೊಳೆಗೆ ನೇತುಹಾಕಿದೆವು, ನಾಯಕ ಅಲ್ಲಿಂದಲೇ ತೆಗೆದುಕೊಳ್ಳುತ್ತಾನೆ. ಹಿಂದಿರುಗಿ ಬಂದವನು “ಗೇಟಿನ ಕಡೆ ಹೋಗ್ಬೇಡ” ಎಂದಷ್ಟೇ ಹೇಳುತ್ತಾನೆ.

ಇನ್ನು ಮಂಜು. ಭೇಟಿಯ ದೃಶ್ಯ ಇಬ್ಬರ ಕಣ್ಣಿನಿಂದ ಎರಡು ಸಲ ಬರುತ್ತದೆ. ಒಂದರಲ್ಲಿ ಸಿಲ್ವರ್ ಮರಗಳು ಕಾಣಿಸಿ, ಇನ್ನೊಂದರಲ್ಲಿ ಕಾಣಿಸದಿದ್ದರೆ ಚಾರ್ಟ್ ಸರಿಯಿದ್ದೂ ವ್ಯರ್ಥ. ಅದಕ್ಕೆ ಡ್ಯೂಪ್ ನಿಲ್ಲಿಸಿ, ಎರಡು ಕ್ಯಾಮೆರಾ ಇಟ್ಟು, ಎರಡೂ ಕಡೆಯನ್ನು ಒಟ್ಟಿಗೇ ತೆಗೆದೆವು.