‘ಹ್ಯಾವ್’ ಬಂದಲ್ಲೆಲ್ಲ ‘ಇದ್ದೇನೆ’ ಬರಬೇಕಿಲ್ಲ

“ಇಂಗ್ಲಿಷಿನ್ಯಾಗ ‘ಹ್ಯಾವ್’, ‘ಹ್ಯಾಸ್’ ಬಂದಲ್ಲೆಲ್ಲ ಕನ್ನಡದಾಗ ‘ಮಾಡಿದ್ದೇನೆ’, ‘ಬಂದಿದ್ದಾನೆ’ ಅಂತ ಹಾಕ್ತೀನ್ರಿ. ವ್ಯಾಕರಣ ಸರಿ ಇರ್ತದ, ಆದ್ರ ಓದಿದ್ರ ಕನ್ನಡ ಅನಸೂದಿಲ್ಲ. ಯಾಕ್ರಿ?”

ಇಂಗ್ಲಿಷಿನಲ್ಲಿ ‘ಹ್ಯಾವ್’, ‘ಹ್ಯಾಸ್’ ಕೂಡಿದ ಪ್ರೆಸೆಂಟ್ ಪರ್ಫೆಕ್ಟ್ ಎನ್ನುವುದು ಒಂದೇ ರೂಪ, ಆದರೆ ಅದು ಮಾಡುವ ಕೆಲಸ ಹಲವು. ಕನ್ನಡದ ‘ಬಂದಿದ್ದಾನೆ’ ಅವುಗಳಲ್ಲಿ ಕೆಲವಕ್ಕೆ ಮಾತ್ರ ಒಪ್ಪುತ್ತದೆ. ಆದ್ದರಿಂದ ಕ್ರಿಯಾಪದಕ್ಕೆ ಕೈ ಹಾಕುವ ಮುನ್ನ ಒಂದು ವಿಷಯ ತಿಳಿದುಕೊಳ್ಳಬೇಕು: ಆ ಕೆಲಸ ಮುಗಿದು ಅದರ ಫಲ ಉಳಿದಿದೆಯೋ, ಕೆಲಸವೇ ಇನ್ನೂ ನಡೆದಿದೆಯೋ, ಇಲ್ಲಾ ಈಗ ತಾನೇ ಕಣ್ಣೆದುರು ಆಯಿತೋ?

ಫಲ ಉಳಿದಿದ್ದರೆ ತೊಂದರೆಯಿಲ್ಲ. ‘ಬಂದಿದ್ದಾನೆ’ ಎಂದರೆ ‘ಬಂದು’, ‘ಇದ್ದಾನೆ’ ಎರಡೂ ಕೂಡಿದ ಮಾತು. ಬರುವುದು ಮುಗಿದಿದೆ, ಆದರೆ ಅವನು ಇಲ್ಲೇ ಇದ್ದಾನೆ. ಧಾರವಾಡದ ಕಡೆ ಆಡುವ ‘ಬಂದಾನ’, ‘ಹೋಗ್ಯಾನ’ ಕೂಡ ಇದೇ. ಕನ್ನಡದ ರೂಪ ಈಗಿನ ಸ್ಥಿತಿಯನ್ನು ಹೇಳುವುದರಿಂದ ಅದರ ಜೊತೆ ‘ನಿನ್ನೆ’, ‘ಸೋಮವಾರ’ ಸಲೀಸಾಗಿ ಕೂಡುತ್ತವೆ. ‘ಮಾವ ನಿನ್ನೆ ಬಂದಾರ’ ಎಂದರೆ ಮಾವ ಇನ್ನೂ ಮನೆಯಲ್ಲಿದ್ದಾರೆ. ಇಂಗ್ಲಿಷು ಇದನ್ನು ಒಪ್ಪುವುದಿಲ್ಲ. ‘ಯೆಸ್ಟರ್ಡೇ’ ಬಂದರೆ ಅಲ್ಲಿ ‘ಕೇಮ್’ ಎನ್ನಲೇಬೇಕು. ನಮ್ಮ ಮಕ್ಕಳು ‘ಹೀ ಹ್ಯಾಸ್ ಕಮ್ ಯೆಸ್ಟರ್ಡೇ’ ಎಂದು ಬರೆಯುವುದು ಇಲ್ಲಿಂದಲೇ. ಅನುವಾದಕರಿಗೆ ಇದರಿಂದ ಒಂದು ಅನುಕೂಲವೂ ಇದೆ. ಮೂಲದಲ್ಲಿ ‘ಕೇಮ್ ಯೆಸ್ಟರ್ಡೇ’ ಎಂದಿದ್ದು, ಬಂದವರು ಇನ್ನೂ ಹೋಗಿಲ್ಲವೆಂದು ಸಂದರ್ಭ ತೋರಿಸಿದರೆ, ಕನ್ನಡದಲ್ಲಿ ಧೈರ್ಯವಾಗಿ ‘ನಿನ್ನೆ ಬಂದಿದ್ದಾರೆ’ ಎನ್ನಬಹುದು. ಬಂದು ಹೋಗಿದ್ದರೆ ‘ನಿನ್ನೆ ಬಂದಿದ್ದರು’. ಇಂಗ್ಲಿಷಿನ ಒಂದೇ ‘ಕೇಮ್’ ನಮ್ಮಲ್ಲಿ ಹೀಗೆ ಎರಡಾಗುತ್ತದೆ.

ಇದೇ ರೂಪದಲ್ಲಿ ಒಂದು ಗೊಂದಲವೂ ಇದೆ. ‘ಹ್ಯಾಸ್ ಗಾನ್ ಟು ಲಕ್ಕುಂಡಿ’ ಎಂದರೆ ಅವರು ಈಗ ಅಲ್ಲಿದ್ದಾರೆ ಅಥವಾ ದಾರಿಯಲ್ಲಿದ್ದಾರೆ. ‘ಹ್ಯಾಸ್ ಬೀನ್ ಟು ಲಕ್ಕುಂಡಿ’ ಎಂದರೆ ಯಾವತ್ತೋ ಹೋಗಿ ನೋಡಿ ಬಂದವರು. ಕನ್ನಡದಲ್ಲಿ ಎರಡಕ್ಕೂ ‘ಲಕ್ಕುಂಡಿಗೆ ಹೋಗಿದ್ದಾರೆ’ ಎಂದು ಬರೆದರೆ ಓದುಗನಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡನೆಯದಕ್ಕೆ ‘ಹೋಗಿ ಬಂದಿದ್ದಾರೆ’ ಎನ್ನಿ, ಇಲ್ಲವೇ ‘ಲಕ್ಕುಂಡಿ ನೋಡಿದ್ದಾರೆ’ ಎನ್ನಿ. ‘ಲಕ್ಕುಂಡಿ ನೋಡೀರೇನು?’ ಎಂದು ಕೇಳುವಾಗ ನಾವು ಮಾಡುವುದೂ ಅದನ್ನೇ.

ಅತಿ ಹೆಚ್ಚು ಕೆಡುವುದು ಇನ್ನೂ ನಡೆದಿರುವ ಕೆಲಸದ ವಾಕ್ಯ. ‘ಶೀ ಹ್ಯಾಸ್ ಲಿವ್ಡ್ ಇನ್ ಧಾರವಾಡ ಫಾರ್ ಟೆನ್ ಇಯರ್ಸ್’ ಎಂಬುದನ್ನು ‘ಅವಳು ಹತ್ತು ವರ್ಷ ಧಾರವಾಡದಲ್ಲಿ ವಾಸಿಸಿದ್ದಾಳೆ’ ಎಂದು ಬರೆದರೆ, ಅವಳು ಹಿಂದೊಮ್ಮೆ ಅಲ್ಲಿದ್ದು ಈಗ ಬೇರೆ ಊರಿಗೆ ಹೋಗಿದ್ದಾಳೆ ಎಂದೇ ಓದುಗ ತಿಳಿಯುತ್ತಾನೆ. ಶೈಲಿ ಕೆಟ್ಟಿದ್ದಷ್ಟೇ ಅಲ್ಲ, ಸಂಗತಿಯೇ ತಪ್ಪಾಯಿತು. ಸರಿಯಾದದ್ದು ‘ಅವಳು ಹತ್ತು ವರ್ಷದಿಂದ ಧಾರವಾಡದಲ್ಲಿದ್ದಾಳೆ’. ಇಲ್ಲಿ ಎರಡು ಬದಲಾವಣೆ ಆಗಿವೆ. ಕ್ರಿಯಾಪದ ವರ್ತಮಾನಕ್ಕೆ ಬಂದಿದೆ, ಅವಧಿಗೆ ‘ಇಂದ’ ಹತ್ತಿದೆ. ಅಂದಿನಿಂದ ಇಂದಿನವರೆಗೆ ಎಂಬ ಅರ್ಥವನ್ನು ಇಂಗ್ಲಿಷಿನಲ್ಲಿ ‘ಹ್ಯಾಸ್’ ಹೊರುತ್ತದೆ, ಕನ್ನಡದಲ್ಲಿ ಆ ಭಾರವನ್ನು ‘ಇಂದ’ ಹೊರುತ್ತದೆ. ಅನುಮಾನ ಬಂದಾಗ ವಾಕ್ಯದಲ್ಲಿ ‘ಈಗಲೂ’ ಸೇರಿಸಿ ನೋಡಿ. ಅರ್ಥ ಕೆಡದಿದ್ದರೆ ‘ಇಂದ’ ಮತ್ತು ವರ್ತಮಾನವೇ ಬೇಕು.

‘ಹ್ಯಾಸ್ ಬೀನ್ ರೇನಿಂಗ್’ ಕೂಡ ಇದೇ ದಾರಿಯದು: ‘ಮೂರು ದಿನದಿಂದ ಮಳೆ ಸುರಿಯುತ್ತಿದೆ’. ಇದಕ್ಕೆ ‘ಸುರಿಯುತ್ತಾ ಬಂದಿದೆ’ ಎಂದು ಬರೆಯುವವರಿದ್ದಾರೆ. ‘ಬಂದಿದೆ’ ಬೇಕಾಗುವುದು ‘ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಾ ಬಂದಿದೆ’ ಎಂಬಂಥ ನಿಧಾನದ ಬೆಳವಣಿಗೆಗೆ. ಹಿಡಿದ ಮಳೆಗೆ ಅಲ್ಲ. ಹುಬ್ಬಳ್ಳಿ ಕಡೆಯ ‘ಮೂರು ದಿನದಿಂದ ಮಳಿ ಬರಾಕತ್ತೈತಿ’ ನೋಡಿ. ‘ಬರಾಕ ಹತ್ತೈತಿ’ ಎಂಬುದು ಅಲ್ಲಿ ಕೂಡಿಕೊಂಡಿದೆ. ಬರಲು ತೊಡಗಿದೆ, ಆ ತೊಡಗಿದ್ದು ಇನ್ನೂ ಬಿಟ್ಟಿಲ್ಲ. ಇಂಗ್ಲಿಷಿನ ‘ಹ್ಯಾಸ್ ಬೀನ್’ ಹೇಳಬೇಕೆಂದಿರುವುದು ಇದನ್ನೇ. ಕಥೆಯ ಸಂಭಾಷಣೆಯಲ್ಲಿ ಪಾತ್ರ ಈ ಕಡೆಯದಾಗಿದ್ದರೆ ಇದಕ್ಕಿಂತ ಒಳ್ಳೆಯ ರೂಪ ಸಿಗಲಾರದು.

ಇನ್ನು ಆಗ ತಾನೇ ಆದದ್ದು. ಹೊಸೂರಿನ ಬಸ್ ನಿಲ್ದಾಣದಲ್ಲಿ ಕಾಯುತ್ತ ನಿಂತವರು ಬಸ್ ಕಂಡ ಕೂಡಲೇ ‘ಬಂತು’ ಎನ್ನುತ್ತಾರೆ, ‘ಬಂದಿದೆ’ ಎನ್ನುವುದಿಲ್ಲ. ಅದು ಇನ್ನೂ ತಿರುವಿನಲ್ಲಿದ್ದರೂ ‘ಬಂತು ಬಂತು’. ಒಳಗೆ ಕುಳಿತವರನ್ನು ಕರೆಯಲು ಹೋದಾಗ ಮಾತ್ರ ‘ಬಸ್ ಬಂದದ, ಬರ್ರಿ’ ಎಂಬುದು ಹೊಂದುತ್ತದೆ, ಏಕೆಂದರೆ ಆಗ ಬಂದು ನಿಂತಿರುವ ಸ್ಥಿತಿ ಮುಖ್ಯ. ಹಾಗಾಗಿ ‘ದ ಬಸ್ ಹ್ಯಾಸ್ ಅರೈವ್ಡ್’ ಎಂಬ ಸಾಲಿಗೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ನೋಡದೆ ಕನ್ನಡ ಬರೆಯಲಾಗದು. ‘ತಿಳೀತು’, ‘ಸಾಕಾತು’, ‘ಊಟ ಆತು’ ಇವೆಲ್ಲ ಹೀಗೆಯೇ ಬರೀ ಭೂತಕಾಲದಲ್ಲಿ ಇವೆ. ಇದಕ್ಕೆ ತಿರುಗು ಮುರುಗಾದ ಇನ್ನೊಂದು ಬಳಕೆಯನ್ನೂ ಗಮನಿಸಬೇಕು. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿದ್ದನ್ನು ಕಂಡವರು ‘ರಾತ್ರಿ ಮಳಿ ಆಗೇದ’ ಎನ್ನುತ್ತಾರೆ. ಮಳೆ ಬಿದ್ದದ್ದನ್ನು ಅವರು ಕಂಡಿಲ್ಲ, ಗುರುತು ನೋಡಿ ಹೇಳುತ್ತಿದ್ದಾರೆ. ಪತ್ತೇದಾರಿ ಕಥೆಯಲ್ಲಿ ‘ಸಮ್‌ಒನ್ ಕೇಮ್ ಹಿಯರ್’ ಎಂದು ಬಂದರೆ, ಇಂಗ್ಲಿಷಿನಲ್ಲಿ ‘ಹ್ಯಾಸ್’ ಇಲ್ಲದಿದ್ದರೂ ಕನ್ನಡಕ್ಕೆ ‘ಯಾರೋ ಇಲ್ಲಿಗೆ ಬಂದಿದ್ದಾರೆ’ ಬೇಕು.

ನಿಷೇಧದಲ್ಲಿ ಹಾದಿ ಸುಲಭ. ‘ಡಾಕ್ಟರು ಬಂದಿಲ್ಲ’ ಎಂದರೆ ಬರುವ ಅವಕಾಶ ಇನ್ನೂ ಇದೆ, ‘ಬರಲಿಲ್ಲ’ ಎಂದರೆ ಆ ಸಮಯ ಮುಗಿಯಿತು. ಆಡುಮಾತಿನಲ್ಲಿ ‘ನಿನ್ನಿ ಬಂದಿಲ್ಲ’ ಎನ್ನುವುದುಂಟು, ಬರಹದಲ್ಲಿ ಎರಡನ್ನೂ ಬೇರೆ ಇಡುವುದು ಒಳ್ಳೆಯದು.

ಒಂದು ವರದಿಯ ನಾಲ್ಕು ಸಾಲು ಹೀಗಿವೆ ಎಂದುಕೊಳ್ಳಿ: ‘ದ ಟ್ರಸ್ಟ್ ಹ್ಯಾಸ್ ವರ್ಕ್ಡ್ ಇನ್ ಗದಗ ಸಿನ್ಸ್ 2012. ಇಟ್ ಹ್ಯಾಸ್ ಡಿಸಿಲ್ಟೆಡ್ ತ್ರೀ ವೆಲ್ಸ್. ದ ಫೋರ್ತ್ ಹ್ಯಾಸ್ ನಾಟ್ ಬೀನ್ ಓಪನ್ಡ್ ಯೆಟ್. ಇಟ್ ಹ್ಯಾಸ್ ಬೀನ್ ಟೂ ಇಯರ್ಸ್ ಸಿನ್ಸ್ ವರ್ಕ್ ಸ್ಟಾಪ್ಡ್ ದೇರ್.’ ಪದಕ್ಕೆ ಪದ ಇಟ್ಟರೆ ‘2012ರಿಂದ ಕೆಲಸ ಮಾಡಿದೆ’, ‘ತೆರೆಯಲ್ಪಟ್ಟಿಲ್ಲ’, ‘ಕೆಲಸ ನಿಂತಾಗಿನಿಂದ ಎರಡು ವರ್ಷಗಳು ಆಗಿವೆ’ ಎಂದಾಗುತ್ತದೆ.

ಮೊದಲ ಸಾಲಿನ ಕೆಲಸ ಈಗಲೂ ನಡೆದಿದೆ, ಆದ್ದರಿಂದ ‘ಟ್ರಸ್ಟ್ 2012ರಿಂದ ಗದಗದಲ್ಲಿ ಕೆಲಸ ಮಾಡುತ್ತಿದೆ’. ಎರಡನೆಯದರಲ್ಲಿ ಫಲ ಉಳಿದಿದೆ, ‘ಮೂರು ಬಾವಿಗಳ ಹೂಳು ತೆಗೆಸಿದೆ’ ಸಾಕು, ‘ಅದು’ ಎಂಬ ಕರ್ತೃ ಬೇಕಿಲ್ಲ. ಮೂರನೆಯದರಲ್ಲಿ ‘ಯೆಟ್’ ಇರುವುದರಿಂದ ‘ನಾಲ್ಕನೆಯದನ್ನು ಇನ್ನೂ ತೆರೆದಿಲ್ಲ’. ಕೊನೆಯದಕ್ಕೆ ನಮ್ಮಲ್ಲಿ ಸಿದ್ಧವಾದ ಕಟ್ಟೇ ಇದೆ: ನಡೆದ ಘಟನೆಯನ್ನು ‘ನಿಂತು’, ‘ಹೋಗಿ’, ‘ಬಿಟ್ಟು’ ಎಂದಿಟ್ಟು ಮುಂದೆ ಅವಧಿ ಹೇಳುವುದು. ‘ಅಲ್ಲಿ ಕೆಲಸ ನಿಂತು ಎರಡು ವರ್ಷವಾಯಿತು.’ ‘ವರ್ಷವಾಗಿದೆ’ ಎಂದರೂ ತಪ್ಪಲ್ಲ. ‘ಆಯಿತು’ ಎಂದಾಗ ಅಷ್ಟು ಕಾಲ ಕಳೆದದ್ದು ಹೆಚ್ಚು ಒತ್ತಿ ಕೇಳುತ್ತದೆ, ‘ಆಗಿದೆ’ ಬರೀ ಲೆಕ್ಕ ಕೊಡುತ್ತದೆ. ವರದಿ ದೂರಿನ ಧಾಟಿಯಲ್ಲಿದ್ದರೆ ಮೊದಲನೆಯದನ್ನು, ಲೆಕ್ಕಪತ್ರದ ಧಾಟಿಯಲ್ಲಿದ್ದರೆ ಎರಡನೆಯದನ್ನು ಇಡಿ.