ಹೂಂ, ಇಲ್ಲ, ಆಯ್ತು

ಜುಲೈ ತಿಂಗಳ ಒಂದು ಶನಿವಾರ ರಾತ್ರಿ, ಊರಲ್ಲಿ ಅಕ್ಕನ ಪಕ್ಕ ಮಲ್ಕೊಂಡು ಫೋನ್ ನೋಡ್ತಾ ಇದ್ದೆ. ನಮ್ಮೂರು ಕೋಲಾರದ ಹತ್ರ, ಅಪ್ಪ ಟಮೋಟ ಬೆಳೀತಾರೆ, ನಾನು ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ಎರಡು ವಾರಕ್ಕೊಂದ್ಸಲ ಬಂದು ಹೋಗ್ತೀನಿ. ನಾನು ಮೆಸೇಜ್ ಮಾಡ್ತಿದ್ದವ್ರು ನಮ್ಮ ಆಫೀಸಲ್ಲೇ, ನನ್ನ ಪಕ್ಕದ ಟೀಮು. ಶಿರಸಿ ಕಡೆಯವ್ರು, ಅವತ್ತೇ ಅವ್ರೂ ಊರಿಗೆ ಹೋಗಿದ್ರು. "ಆರಾಮಾಗಿ ತಲುಪಿದ್ರಾ?" ಅಂತ ಕೇಳಿದ್ದೆ. "ಹೂಂ" ಅಂತ ಬಂತು. "ಮಳೆ ಇದ್ಯಾ?" "ಹೂಂ." "ಅಪ್ಪ ಅಮ್ಮ ಹೇಗಿದಾರೆ?" "ಚೆನ್ನಾಗಿದಾರೆ." "ಊಟ ಆಯ್ತಾ?" "ಆಯ್ತು."

ಅಕ್ಕ ನನ್ನ ಭುಜದ ಮೇಲಿಂದ ನೋಡಿದ್ಳು. ಅವ್ಳು ನರ್ಸರಿ ಮಕ್ಕಳಿಗೆ ಪಾಠ ಮಾಡೋ ಟೀಚರ್, ಹನ್ನೊಂದು ವರ್ಷದಿಂದ. ಫೋನ್ ಇಸ್ಕೊಂಡು ಮೇಲಕ್ಕೆ ಸರಿಸ್ತಾ ಹೋದ್ಳು, ಆಮೇಲೆ ಏನೂ ನಗಾಡ್ದೆ ಹೇಳಿದ್ಳು, ಎಲ್ಲಾ ಪ್ರಶ್ನೆನೇ ಇದ್ಯಲ್ಲೇ ಅಂತ. ಎಣಿಸಿದ್ರೆ ಆ ಒಂದು ಸಂಜೆಲಿ ನಾನು ಹದಿನಾಲ್ಕು ಪ್ರಶ್ನೆ ಕೇಳಿದ್ದೆ. ಅವ್ರು ಹದಿನಾಲ್ಕಕ್ಕೂ ಉತ್ರ ಕೊಟ್ಟಿದ್ರು, ಒಂದನ್ನೂ ಬಿಟ್ಟಿರ್ಲಿಲ್ಲ, ಆದ್ರೆ ಒಂದೊಂದೇ ಪದ.

"ನಮ್ಮ ಸ್ಕೂಲಿಗೂ ಬರ್ತಾವೆ ಇಂಥ ಮಕ್ಕಳು" ಅಂದ್ಳು ಅಕ್ಕ. "ನಿನ್ ಹೆಸ್ರೇನು, ಏನ್ ತಿಂದೆ ಅಂತ ಎದುರಿಗೆ ಕೂತು ಕೇಳಿದ್ರೆ ಬಾಯೇ ಬಿಡಲ್ಲ. ಪಕ್ಕದಲ್ಲಿ ಕೂತ್ಕೊಂಡು ನಾನು ನನ್ನ ಪಾಡಿಗೆ ಚಿತ್ರ ಬರೀತಾ, ಈ ಆನೆಗೆ ಬಾಲ ಎಲ್ಲೋ ಮುಂದ್ಗಡೆ ಇರ್ಬೇಕು ಅಂತ ಗೊಣಗಿದ್ರೆ, ಮಿಸ್ ಅಲ್ಲಲ್ಲ ಹಿಂದ್ಗಡೆ ಅಂತ ಅವೇ ಬಂದು ಪೆನ್ಸಿಲ್ ಕಿತ್ಕೊಳ್ತಾವೆ." ಇಷ್ಟು ಹೇಳಿ ಆ ಕಡೆ ತಿರುಗಿ ಮಲ್ಕೊಂಡ್ಳು. ನಂಗೆ ನಿದ್ದೆ ಬರ್ಲಿಲ್ಲ.

ಅದಕ್ಕಿಂತ ಮೊದ್ಲು ಇನ್ನೊಂದು ವಿಷ್ಯ ನಾನೇ ಇತ್ಯರ್ಥ ಮಾಡ್ಕೋಬೇಕಿತ್ತು. ಇವ್ರ ಸ್ವಭಾವನೇ ಹೀಗಾ, ಇಲ್ಲಾ ನಾನಂದ್ರೆ ಆಸಕ್ತಿ ಇಲ್ವಾ. ಎರಡಕ್ಕೂ ಉತ್ರ ಒಂದೇ ಥರ ಕಾಣುತ್ತೆ, "ಹೂಂ" ಅಂತ. ಆಸಕ್ತಿ ಇಲ್ದೇ ಇರೋರಿಗೆ ನಾನು ಎಷ್ಟೇ ಚೆನ್ನಾಗಿ ಮೆಸೇಜ್ ಮಾಡಿದ್ರೂ ಅದು ಕಾಟನೇ, ಬೇರೇನೂ ಅಲ್ಲ. ಅದಕ್ಕೆ ಜೂನಲ್ಲಿ ಒಂದ್ಸಲ ಬೇಕಂತನೇ ಮೆಸೇಜ್ ನಿಲ್ಸಿದ್ದೆ. ಮೂರನೇ ದಿನ ಸಂಜೆ ಅವ್ರಿಂದ ಬಂತು, "ಈ ಕಡೆ ಜೋರು ಮಳೆ. ಛತ್ರಿ ತಗೊಂಡು ಹೊರಡಿ" ಅಂತ. ಆಫೀಸ್ ಗ್ರೂಪಲ್ಲಿ ನೋಡಿದ್ರೆ ಎಲ್ರಿಗೂ ಅವ್ರದ್ದು ಒಂದೇ ಪದ, ಮ್ಯಾನೇಜರಿಗೂ ಅಷ್ಟೇ. ನಾನು ಕಾಫಿಗೆ ಸಕ್ಕರೆ ಹಾಕ್ಕೊಳಲ್ಲ ಅಂತ ಯಾವಾಗ್ಲೋ ಹೇಳಿದ್ದು ಮಾತ್ರ ನೆನಪಿಟ್ಕೊಂಡು, ಒಂದಿನ ಸಕ್ಕರೆ ಇಲ್ದೇ ಇರೋ ಲೋಟ ನನ್ನ ಟೇಬಲ್ ಮೇಲಿಟ್ಟು ಹೋಗಿದ್ರು. ಈ ಎರಡು ಇಲ್ದೇ ಇದ್ದಿದ್ರೆ ನಾನು ಅಲ್ಲಿಗೇ ಬಿಟ್ಬಿಡ್ತಿದ್ದೆ, ನಿಜವಾಗ್ಲೂ.

ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋದೆ. ಕಡ್ಡಿ ನೆಟ್ಟು ದಾರ ಕಟ್ಟಿದ್ದ ಸಾಲು, ಕೂಲಿಯವ್ರು ಹಣ್ಣು ಬಿಡಿಸಿ 15 ಕೆಜಿ ಬಾಕ್ಸಿಗೆ ತುಂಬ್ತಾ ಇದ್ರು. ಒಂದು ಫೋಟೋ ತೆಗೆದು ಕಳಿಸ್ದೆ, ಕೆಳಗೆ ಬರ್ದೆ, "ನಮ್ಮ ಟಮೋಟ. ಇವತ್ತು ಮೋಡ ಹಾಕಿದೆ, ಅಪ್ಪ ಆಕಾಶ ನೋಡ್ಕೊಂಡೇ ಓಡಾಡ್ತಿದಾರೆ. ನಿಮ್ಮ ಅಡಿಕೆ ತೋಟದಲ್ಲಿ ಮಳೆಗಾಲ ಪೂರ್ತಿ ರಜೆ ಇರ್ಬೇಕು, ಕೊಯ್ಲು ಚಳಿಗಾಲಕ್ಕೆ ತಾನೆ ಅಂದ್ಕೊಂಡೆ." ಪ್ರಶ್ನೆ ಕೇಳ್ಲಿಲ್ಲ. ನಂದೊಂದು ವಿಷ್ಯ ಹೇಳ್ದೆ, ಅವ್ರದ್ದೊಂದು ಊಹೆ ಮಾಡ್ದೆ, ಅಷ್ಟೇ. ಊಹೆ ಸುಳ್ಳು ನಾಟಕ ಏನಲ್ಲ, ನಾನು ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ.

ಉತ್ರ ಬಂತು. "ಇಲ್ಲ. ಮಳೆಗಾಲದಲ್ಲೇ ಜಾಸ್ತಿ ಕೆಲಸ. ಕೊಳೆ ಬರುತ್ತೆ."

ಒಂದು ಪದದ ಮನುಷ್ಯರಿಂದ ಆರು ಪದ! ನನ್ನ ಬೆರಳು ತಕ್ಷಣ ಹಳೇ ದಾರಿಗೇ ಹೋಯ್ತು, ಕೊಳೆ ಅಂದ್ರೆ ಏನು, ಹೇಗೆ ಬರುತ್ತೆ, ಈ ವರ್ಷ ನಿಮ್ಮಲ್ಲಿ ಬಂದಿದ್ಯಾ, ಮೂರೂ ಒಂದೇ ಮೆಸೇಜಲ್ಲಿ ಟೈಪ್ ಮಾಡಿಬಿಟ್ಟಿದ್ದೆ. ಕಳಿಸೋ ಮುಂಚೆ ಓದಿದ್ರೆ ಪರೀಕ್ಷೆ ಪೇಪರ್ ಥರ ಇತ್ತು. ಮೂರು ಪ್ರಶ್ನೆ ಒಟ್ಟಿಗೆ ಹೋದ್ರೆ ಅವ್ರು ಸುಲಭದ್ದು ಒಂದು ಆರಿಸ್ಕೊಂಡು "ಹೂಂ ಬಂದಿದೆ" ಅಂತ ಮುಗಿಸ್ತಾರೆ, ಅದು ಗೊತ್ತಿತ್ತು. ಎಲ್ಲಾ ಅಳಿಸಿ, ಅವ್ರು ಹೇಳಿದ್ರಲ್ಲಿ ನಂಗೆ ನಾಟಿದ ಒಂದೇ ಮಾತು ಹಿಡ್ಕೊಂಡೆ. "ಕೊಳೆ ಅಂದಾಗ ಹೊಟ್ಟೆಲಿ ಒಂಥರಾ ಆಯ್ತು. ನಮ್ಮ ಟಮೋಟಗೂ ಮಳೆ ಹಿಡ್ಕೊಂಡ್ರೆ ಎಲೆ ಕಪ್ಪಾಗಿ ಎರಡೇ ದಿನಕ್ಕೆ ಗಿಡ ಸುಟ್ಟಂಗಾಗುತ್ತೆ. ಹೋದ್ಸಲ ಹಾಗಾದಾಗ ಅಪ್ಪ ರಾತ್ರಿ ಊಟ ಮಾಡ್ಲಿಲ್ಲ."

ಆಮೇಲೆ ಹನ್ನೊಂದು ನಿಮಿಷ ಏನೂ ಇಲ್ಲ. ಟೈಪ್ ಮಾಡ್ತಿದಾರೆ ಅಂತ ತೋರ್ಸುತ್ತೆ, ನಿಲ್ಲುತ್ತೆ, ಮತ್ತೆ ತೋರ್ಸುತ್ತೆ, ಮತ್ತೆ ನಿಲ್ಲುತ್ತೆ. ಮುಂಚೆ ಆಗಿದ್ರೆ ನಾನು ಐದನೇ ನಿಮಿಷಕ್ಕೆ "ಇದೀರಾ?" ಅಂತನೋ ಒಂದು ಇಮೋಜಿನೋ ಹಾಕಿ ಆ ಜಾಗ ತುಂಬಿಸ್ತಿದ್ದೆ. ಆಗ ಅವ್ರು ಬರೀತಿದ್ದಿದ್ದನ್ನ ಅಳಿಸಿ "ಹಾಂ ಇದೀನಿ" ಅಂತ ಹಾಕ್ತಿದ್ರು, ಎಷ್ಟೋ ಸಲ ಹಾಗೆ ಆಗಿದೆ. ಕಮ್ಮಿ ಮಾತಾಡೋರು ಯೋಚ್ನೆ ಕಮ್ಮಿ ಮಾಡೋರಲ್ಲ, ಅವ್ರು ಬರೆದು, ಇದು ಬೇಕಾ ಅಂತ ನೋಡಿ, ಅರ್ಧ ತೆಗೆದು ಕಳಿಸೋರು, ಅದಕ್ಕೆ ಟೈಮ್ ಬೇಕು. ಫೋನ್ ಜೇಬಿಗಿಟ್ಟು ನಾನೂ ಹಣ್ಣು ಬಿಡಿಸೋಕೆ ಕೂತೆ.

ಕೈಯೆಲ್ಲಾ ಟಮೋಟ ಗಿಡದ ಹಸಿರು ಕರೆ, ಹಾಗೇ ಫೋನ್ ತೆಗೆದ್ರೆ ಒಂದು ಫೋಟೋ ಬಂದಿತ್ತು. ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು, ತುಂಬಾ ತಿಳಿ ನೀಲಿ ನೀರು, ಡ್ರಮ್ಮಿನ ಅಂಚಲ್ಲಿ ಒಂದು ಹಳೇ ಕತ್ತಿ. ಕೆಳಗೆ ಒಂದೇ ಪದ, "ಬೋರ್ಡೋ." ಅದರ ಕೆಳಗೆ ಒಂದು ವಾಯ್ಸ್ ನೋಟ್, 47 ಸೆಕೆಂಡ್. ಮೂರು ತಿಂಗಳಲ್ಲಿ ಮೊದಲನೇದು.

ಹಿಂದೆ ಮಳೆ ಸದ್ದು ಕೇಳ್ತಿತ್ತು. ಬೋರ್ಡೋ ಅಂದ್ರೆ ಕೊಳೆಗೆ ಹೊಡೆಯೋ ಔಷಧಿ, ಒಂದು ಕೆಜಿ ಮೈಲುತುತ್ತ ಐವತ್ತು ಲೀಟರ್ ನೀರಿಗೆ, ಒಂದು ಕೆಜಿ ಸುಣ್ಣ ಇನ್ನೊಂದು ಐವತ್ತು ಲೀಟರಿಗೆ, ಆಮೇಲೆ ಎರಡನ್ನೂ ಸೇರಿಸೋದು ಅಂತ ನಿಧಾನವಾಗಿ ಹೇಳಿದ್ರು. ಹದ ಸರಿ ಇದ್ಯಾ ಅಂತ ನೋಡೋಕೆ ಕತ್ತಿ ಅದ್ದಬೇಕಂತೆ, ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತ್ರೆ ಸುಣ್ಣ ಸಾಲ್ದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಇದು ಈ ವರ್ಷದ ಎರಡನೇ ಸಲದ ಔಷಧಿ, ಮಳೆ ಸ್ವಲ್ಪ ಹೊಳವಾದಾಗ ಹೊಡೀಬೇಕು, ಆದ್ರೆ ಹೊಳವಾಗ್ತಾ ಇಲ್ಲ. ಕೊನೆಗೆ ಒಂದು ಕ್ಷಣ ಸುಮ್ನಿದ್ದು, "ನಮ್ಮಪ್ಪನೂ ಊಟ ಸರಿಯಾಗಿ ಮಾಡ್ತಿಲ್ಲ" ಅಂದ್ರು.

ಅದನ್ನ ಎಷ್ಟು ಸಲ ಕೇಳ್ದೆ ಅಂತ ಎಣಿಸ್ಲಿಲ್ಲ. ಆದ್ರೆ ಉತ್ರ ಬರೆಯೋವಾಗ ತುಂಬಾ ಹುಷಾರಾಗಿದ್ದೆ, ಯಾಕಂದ್ರೆ ಇಲ್ಲೇ ನಾನು ಹಿಂದೊಂದ್ಸಲ ಕೆಡಿಸಿದ್ದೆ. ಆಫೀಸ್ ಕ್ಯಾಂಟೀನಲ್ಲಿ ಅವ್ರು ಯಾವ್ದೋ ಕ್ರಿಕೆಟ್ ಮ್ಯಾಚ್ ಬಗ್ಗೆ ನಾಲ್ಕು ಮಾತು ಸಲೀಸಾಗಿ ಆಡಿದಾಗ ಎಲ್ರ ಮುಂದೆ "ಅಬ್ಬಾ, ಇವತ್ತು ಇಷ್ಟೊಂದು ಮಾತಾಡ್ತಿದೀರಾ!" ಅಂದ್ಬಿಟ್ಟಿದ್ದೆ. ಪ್ರೀತಿಯಿಂದಲೇ ಅಂದಿದ್ದು. ಅವ್ರ ಮುಖ ಕೆಂಪಾಯ್ತು, ಒಂದು ವಾರ "ಹೂಂ" ಕೂಡ ಕಷ್ಟದಲ್ಲಿ ಬಂತು. ಮಾತಾಡಿದ್ದಕ್ಕೆ ಮಾತಿನ ಬಗ್ಗೆನೇ ಹೇಳಿದ್ರೆ ಅವ್ರಿಗೆ ಎಲ್ರೂ ತಮ್ಮನ್ನೇ ನೋಡ್ತಿದಾರೆ ಅನ್ಸುತ್ತೆ. ಅದಕ್ಕೆ ಈ ಸಲ ವಾಯ್ಸ್ ನೋಟ್ ಕಳಿಸಿದ್ರಲ್ಲ ಅಂತ ಖುಷಿ ತೋರಿಸ್ಲೇ ಇಲ್ಲ, ಅವ್ರು ಹೇಳಿದ ವಿಷ್ಯಕ್ಕೇ ಬಂದೆ. "ಕತ್ತಿ ಅದ್ದಿ ನೋಡೋದು ನಂಗೆ ಗೊತ್ತೇ ಇರ್ಲಿಲ್ಲ, ಅಪ್ಪಂಗೆ ಹೇಳ್ತೀನಿ. ಮಳೆ ಹೊಳವಾಗ್ಲಿ. ನೀವು ಕೆಲಸ ನೋಡ್ಕೊಳ್ಳಿ, ಆಮೇಲೆ ಸಿಗೋಣ." ಇನ್ನೂ ಹತ್ತು ಮೆಸೇಜ್ ಮಾಡೋ ಆಸೆ ಇತ್ತು. ಅವ್ರಿಗೆ ಸಾಕಾಗೋ ಮುಂಚೆ ನಾನೇ ನಿಲ್ಸಿದ್ದು ಅವತ್ತೇ ಮೊದ್ಲು.

ಸಂಜೆ ಮತ್ತೆ ತಪ್ಪಿದೆ. ಬೆಳಿಗ್ಗೆ ಅಷ್ಟು ಮಾತಾಡಿದಾರಲ್ಲ ಅಂತ ಧೈರ್ಯ ಬಂದು, "ನಿಮ್ಗೆ ಬೆಂಗಳೂರು ಬಿಟ್ಟು ಊರಿಗೆ ಹೋಗ್ಬೇಕು ಅನ್ಸುತ್ತಾ?" ಅಂತ ಕೇಳ್ಬಿಟ್ಟೆ. "ಗೊತ್ತಿಲ್ಲ" ಅಂತ ಬಂತು. ಈ "ಗೊತ್ತಿಲ್ಲ" ಬೆಳಿಗ್ಗೆಯ "ಇಲ್ಲ" ಥರ ಅಲ್ಲ, ಬಾಗ್ಲು ಹಾಕೋ ಥರದ್ದು, ಇಷ್ಟು ದಿನಕ್ಕೆ ಆ ವ್ಯತ್ಯಾಸ ನಂಗೆ ಗೊತ್ತಾಗ್ತಿತ್ತು. ಅದು ಅವ್ರ ಇಡೀ ಜೀವನದ ಪ್ರಶ್ನೆ, ಅದನ್ನ ನಾನು ಊಟ ಆಯ್ತಾ ಅಂತ ಕೇಳೋ ಹಾಗೆ ಕೇಳಿದ್ದೆ. ಯಾಕೆ, ಏನು ಅಂತ ಬೆನ್ನು ಹತ್ತಲಿಲ್ಲ, ಸಾರಿ ಅಂತ ದೊಡ್ಡದಾಗೂ ಬರೀಲಿಲ್ಲ, ಹಾಗೆ ಬರೆದ್ರೆ ಅವ್ರು ನಂಗೆ ಸಮಾಧಾನ ಹೇಳ್ಬೇಕಾಗುತ್ತೆ. "ಸರಿ, ಇದು ಮೆಸೇಜಲ್ಲಿ ಹೇಳೋ ಅಂಥದ್ದಲ್ಲ. ನಂಗೂ ಒಂದೊಂದ್ಸಲ ಇಲ್ಲೇ ಇದ್ಬಿಡೋಣ ಅನ್ಸುತ್ತೆ, ಸೋಮವಾರ ಬಸ್ ಹತ್ತಿದ್ರೆ ಮರ್ತೋಗುತ್ತೆ" ಅಂತ ಬರೆದು, ಅಮ್ಮನ ಜೊತೆ ರಾಗಿ ಮುದ್ದೆಗೆ ಎಸರು ಇಡೋಕೆ ಹೋದೆ.

ರಾತ್ರಿ ಹತ್ತೂ ಮುಕ್ಕಾಲು. ಅಕ್ಕ ಮಲಗಿದ್ಳು. ಫೋನ್ ಬೆಳಗ್ತು.

"ಮರ ಹತ್ತೋಕೆ ಕೊನೆಗೌಡ ಸಿಗ್ತಾ ಇಲ್ಲ. ದೋಟಿಲಿ ಹೊಡಿಯೋಣ ಅಂದ್ರೆ ಅದನ್ನ ಹಿಡಿಯೋಕೂ ಜನ ಬೇಕು. ಅಪ್ಪ ಒಬ್ರೇ. ನೀವು ಸಂಜೆ ಕೇಳಿದ್ರಲ್ಲ, ಅದೇ ಯೋಚ್ನೆ ಮಾಡ್ತಿದ್ದೆ. ಗೊತ್ತಿಲ್ಲ ಅಂದಿದ್ದು ನಿಜವಾಗ್ಲೂ ಗೊತ್ತಿಲ್ಲ ಅಂತಾನೇ."

ಪ್ರಶ್ನೆ ಕೇಳಿದ್ದು ಆರು ಗಂಟೆಗೆ, ಉತ್ರ ಬಂದಿದ್ದು ಹತ್ತೂ ಮುಕ್ಕಾಲಿಗೆ. ಅಷ್ಟು ಹೊತ್ತೂ ಅದು ಅವ್ರ ಜೊತೆಗೇ ಇತ್ತು. ಏನ್ ಬರೆಯೋದು ಅಂತ ತೋಚ್ಲಿಲ್ಲ, ಅದನ್ನೇ ಬರ್ದೆ. "ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಓದ್ದೆ, ಇಲ್ಲೇ ಇದೀನಿ."

ಮತ್ತೆ ಟೈಪ್ ಮಾಡ್ತಿದಾರೆ ಅಂತ ತೋರ್ಸ್ತು, ನಿಂತ್ತು, ಮತ್ತೆ ತೋರ್ಸ್ತು. ನಾನು ಕಾದೆ.

"ಬೆಳಿಗ್ಗೆಯ ಟಮೋಟ ಬಾಕ್ಸ್ ಎಷ್ಟಕ್ಕೆ ಹೋಯ್ತು?"

ಮೂರು ತಿಂಗಳ ಚಾಟಲ್ಲಿ ಅವ್ರು ನಂಗೆ ಕೇಳಿದ ಮೊದಲನೇ ಪ್ರಶ್ನೆ. ಅಪ್ಪ ಆಗ್ಲೇ ಮಲಗಿದ್ರು. ಹೋಗಿ ಎಬ್ಬಿಸಿ ರೇಟ್ ಕೇಳ್ಕೊಂಡು ಬಂದೆ.