ವ್ಯಾಕ್ ಶೀಟು: ಸುತ್ತು ಬಿದ್ದಿದ್ದ ತೂಕದ ಗಂಟು ಕೊನೆಗೂ ಬಿಚ್ಚಿತು

ಮೌಲ್ಯಮಾಪನದ ಶೀಟು ಈ ವಾರ ಸರಿಹೋಯಿತು. ನಗದು ಹರಿವಿನ ಭಾಗ ಮೊದಲೇ ಮುಗಿದಿತ್ತು, ಅದನ್ನು ಬಿಡುತ್ತೇನೆ. ಸತಾಯಿಸಿದ್ದು ಬಂಡವಾಳದ ತೂಕದ ಸರಾಸರಿ ವೆಚ್ಚ, ನಮ್ಮ ವ್ಯಾಕ್. ಅದರಲ್ಲೂ ಅದರ ತೂಕಗಳು, ಅಂದರೆ ಒಟ್ಟು ಬಂಡವಾಳದಲ್ಲಿ ಸಾಲದ ಪಾಲೆಷ್ಟು, ಷೇರುದಾರರ ಈಕ್ವಿಟಿಯ ಪಾಲೆಷ್ಟು ಎನ್ನುವುದು.

ಅಭ್ಯಾಸಕ್ಕೆ ಕಟ್ಟಿಕೊಂಡಿದ್ದು ಷೇರುಪೇಟೆಯಲ್ಲಿಲ್ಲದ ಒಂದು ರಟ್ಟಿನ ಡಬ್ಬಿ ಕಾರ್ಖಾನೆ. ಸಾಲ 40 ಕೋಟಿ, ಬಡ್ಡಿ 10%. ಲೆಕ್ಕದ ಪುಸ್ತಕದಲ್ಲಿ ಈಕ್ವಿಟಿ 60 ಕೋಟಿ. ಮುಂದಿನ ವರ್ಷ ಕೈಗೆ ಸಿಗುವ ನಗದು 15 ಕೋಟಿ, ಆಮೇಲೆ ವರ್ಷಕ್ಕೆ 5% ಬೆಳವಣಿಗೆ. ತೆರಿಗೆ 25.17%, ಹಾಗಾಗಿ ಸಾಲದ ನಿಜವಾದ ವೆಚ್ಚ ಸುಮಾರು 7.48%. ಅಪಾಯವಿಲ್ಲದ ದರ 7%, ಪೇಟೆಯ ಅಪಾಯಕ್ಕೆ ಮೇಲೆ 6%, ಪೇಟೆಯ ಏರಿಳಿತಕ್ಕೆ ಕಂಪನಿ ಎಷ್ಟು ಅಲುಗಾಡುತ್ತದೆ ಎನ್ನುವ ಅಳತೆ, ಅಂದರೆ ಬೀಟಾ, ಸಾಲದ ಪ್ರಭಾವ ಕಳೆದರೆ 0.9.

ಪುಸ್ತಕದ 60:40 ತೂಕ ಹಾಕಿದರೆ ಬೀಟಾ 1.35, ಈಕ್ವಿಟಿ ವೆಚ್ಚ 15.09%, ವ್ಯಾಕ್ 12.05%. ವ್ಯಾಕ್‌ನಿಂದ 5% ಬೆಳವಣಿಗೆ ಕಳೆದು, ಉಳಿದದ್ದರಿಂದ 15 ಕೋಟಿಯನ್ನು ಭಾಗಿಸಿದರೆ ಕಂಪನಿಯ ಬೆಲೆ ಸುಮಾರು 213 ಕೋಟಿ. ಸಾಲ ಕಳೆದರೆ ಈಕ್ವಿಟಿಗೆ 173 ಕೋಟಿ ಉಳಿಯುತ್ತದೆ. ಈಕ್ವಿಟಿ 60 ಎಂದುಕೊಂಡು ಲೆಕ್ಕ ಶುರುಮಾಡಿದರೆ ಉತ್ತರ 173 ಎನ್ನುತ್ತಿದೆ! ತೂಕ ಪೇಟೆ ಬೆಲೆಯದ್ದಾಗಬೇಕು, ಪೇಟೆ ಬೆಲೆ ತಿಳಿಯಲು ವ್ಯಾಕ್ ಬೇಕು, ವ್ಯಾಕ್‌ಗೆ ತೂಕ ಬೇಕು. ಪೇಟೆಯಲ್ಲಿರುವ ಕಂಪನಿಗಾದರೆ ಷೇರು ಬೆಲೆ ನೋಡಿ ಈ ಸುತ್ತು ತಪ್ಪಿಸಿಕೊಳ್ಳಬಹುದು, ಇಲ್ಲಿ ಆ ದಾರಿ ಇಲ್ಲ.

ಸರಿ, ಬಂದ ತೂಕವನ್ನೇ ಮತ್ತೆ ಒಳಗೆ ಕೊಟ್ಟು ತಿರುಗಿಸೋಣ. ದುಡ್ಡು ಕೊಟ್ಟು ತಂದ ಟೆಂಪ್ಲೇಟಿನಲ್ಲಿ ಅದಕ್ಕೆಂದೇ ಒಂದು ಬಟನ್ ಇತ್ತು. ಒತ್ತಿದರೆ 13.4% ಬಳಿ ನಿಂತಿತು, ಬೆಲೆ 179 ಕೋಟಿಗೆ ಇಳಿಯಿತು. ಅಂಕಿ ಅಲುಗಾಡದೆ ನಿಂತಿದ್ದರಿಂದ ನೋಡಲು ಎಲ್ಲವೂ ಸರಿಯೇ. ಆದರೆ ಈ ಕಂಪನಿಗೆ ಸಾಲವೇ ಇಲ್ಲದಿದ್ದರೆ ವೆಚ್ಚ ಎಷ್ಟು? 7 + 0.9 × 6, ಅಂದರೆ 12.4%. ಅಗ್ಗದ ಸಾಲ ಬೆರೆಸಿದ ಮೇಲೆ ಮಿಶ್ರಣ 13.4% ಆಗುವುದು ಹೇಗೆ? ಹಾಲಿಗೆ ನೀರು ಬೆರೆಸಿದರೆ ಗಟ್ಟಿಯಾಗುತ್ತದೆಯೇ?

ಒಂದೊಂದೇ ಸೆಲ್ ಬಿಚ್ಚಿ ನೋಡಿದಾಗ ಸಿಕ್ಕಿತು. ಟೆಂಪ್ಲೇಟು ತೂಕವನ್ನು ಬದಲಿಸುತ್ತಿತ್ತು, ಈಕ್ವಿಟಿ ವೆಚ್ಚವನ್ನು ಮಾತ್ರ 15.09%ಕ್ಕೇ ಕಟ್ಟಿಹಾಕಿತ್ತು. ಆ 15.09% ಹುಟ್ಟಿದ್ದೇ 40% ಸಾಲದ ಭಾರದಿಂದ. ಸಾಲದ ಪಾಲು 22%ಕ್ಕೆ ಇಳಿದರೆ ಷೇರುದಾರರ ತಲೆ ಮೇಲಿನ ಅಪಾಯವೂ ಇಳಿಯಬೇಕು, ಅವರು ಕೇಳುವ ಪ್ರತಿಫಲವೂ ಇಳಿಯಬೇಕು. ಟೆಂಪ್ಲೇಟ್ ಮಾರಿದವರಿಗೆ ಬರೆದೆ, ಉತ್ತರವಾಗಿ ಹೊಸ ಆವೃತ್ತಿಯ ಬೆಲೆಪಟ್ಟಿ ಬಂತು. ಬೀಟಾ ಮಾರುವವರದ್ದು ಇನ್ನೊಂದು ಕಥೆ: ಯಾವ ಸೂಚ್ಯಂಕ, ಎಷ್ಟು ವರ್ಷದ ದತ್ತಾಂಶ ಎನ್ನುವುದನ್ನೇ ಹೇಳುವುದಿಲ್ಲ.

ಶೀಟಿನಲ್ಲಿ ಸರ್ಕ್ಯುಲರ್ ರೆಫರೆನ್ಸ್ ಆನ್ ಮಾಡಿ ಇಡುವುದು ನನಗೆ ಇಷ್ಟವಿಲ್ಲ. ಸುತ್ತಿನೊಳಗೆ ಒಮ್ಮೆ ಎರರ್ ಹೊಕ್ಕರೆ ಅದೇ ಅದನ್ನೇ ತಿಂದು ಬದುಕುತ್ತದೆ. ಹಾಗಾಗಿ ಆ ಭಾಗವನ್ನು ಹೊರಗೆ ತೆಗೆದೆ:

```
w = 0.40
for i in range(20):
    de = w / (1 - w)
    ke = 0.07 + 0.06 * 0.9 * (1 + 0.7483 * de)
    wacc = (1 - w) * ke + w * 0.10 * 0.7483
    w = 40 / (15 / (wacc - 0.05))
```

ಎರಡು ಮೂರು ಸುತ್ತಿನಲ್ಲೇ ನೆಲೆ ಕಂಡಿತು. ಈಕ್ವಿಟಿ ವೆಚ್ಚ 13.37%, ಸಾಲದ ಪಾಲು 19.3%, ವ್ಯಾಕ್ 12.23%, ಬೆಲೆ 207 ಕೋಟಿ ಚಿಲ್ಲರೆ. ಈಗ ಒಳಗೆ ಹೋಗುವ ತೂಕವೂ ಹೊರಗೆ ಬರುವ ತೂಕವೂ ಒಂದೇ, ವ್ಯಾಕ್ ಕೂಡ 12.4%ರ ಕೆಳಗಿದೆ. ಸಾಲದ ಪಾಲು 40ರಿಂದ 19ಕ್ಕೆ ಇಳಿದರೂ ವ್ಯಾಕ್ ಕದಲಿದ್ದು 0.2ರ ಆಸುಪಾಸು ಮಾತ್ರ ಅನ್ನುವುದು ನನಗೆ ತುಂಬ ಹಿಡಿಸಿತು. ಈಕ್ವಿಟಿಗಿಂತ ಸಾಲ ಅಗ್ಗ ನಿಜ, ಆದರೆ ಅದು ಬಂದಷ್ಟೂ ಈಕ್ವಿಟಿಯನ್ನು ದುಬಾರಿ ಮಾಡುತ್ತದೆ. ಒಂದು ಕಡೆ ಉಳಿಸಿದ್ದು ಇನ್ನೊಂದು ಕಡೆ ಹೆಚ್ಚುಕಡಿಮೆ ಹೋಗುತ್ತದೆ, ತೆರಿಗೆಯ ಉಳಿತಾಯವಷ್ಟೇ ದಕ್ಕುವುದು. ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ 1958ರಲ್ಲಿ ಹೇಳಿ, 1963ರಲ್ಲಿ ತೆರಿಗೆಯ ವಿಷಯ ತಿದ್ದಿದ್ದು ಇದನ್ನೇ.

ಒಂದು ಕೊಸರು ಉಳಿದಿದೆ. ಕೋಡಿನಲ್ಲಿ ಸಾಲದ ಭಾರಕ್ಕೆ ತಕ್ಕಂತೆ ಬೀಟಾ ಏರಿಸುವುದು ಹಮಾಡಾ ಸೂತ್ರ. ಸಾಲದ ಮೊತ್ತ ಎಂದೆಂದಿಗೂ 40 ಕೋಟಿಯಲ್ಲೇ ನಿಲ್ಲುತ್ತದೆ, ಸಾಲಕ್ಕೆ ಬೀಟಾ ಇಲ್ಲ ಎಂದು ಅದು ನಂಬುತ್ತದೆ. 5% ಬೆಳೆಯುವ ಕಂಪನಿಗೆ ಒಂದೇ ವ್ಯಾಕ್ ಬಳಸುವಾಗ ನಾವು ನಂಬುವುದು ಸಾಲದ ಪಾಲು ಸ್ಥಿರ ಎಂದು, ಅಂದರೆ ಸಾಲವೂ ಜೊತೆಗೆ ಬೆಳೆಯುತ್ತದೆ. ಕೋಡಿನಲ್ಲಿ ke ಇರುವ ಸಾಲಿನಿಂದ ತೆರಿಗೆಯ 0.7483 ತೆಗೆದುಹಾಕಿ ಓಡಿಸಿದರೆ ವ್ಯಾಕ್ 12.5%, ಬೆಲೆ 200 ಕೋಟಿ. ಇದು ಮತ್ತೆ 12.4%ರ ಮೇಲೆ ಹೋಗುವುದು ಸಾಲಕ್ಕೆ ಬೀಟಾ ಇಲ್ಲ ಎಂದುಕೊಂಡಿದ್ದರಿಂದ; 10% ಬಡ್ಡಿ ಕೇಳುವ ಸಾಲಕ್ಕೆ ಅಪಾಯವೇ ಇಲ್ಲ ಎನ್ನುವುದೂ ಒಪ್ಪುವ ಮಾತಲ್ಲ. ಹಾಗಾಗಿ ಬೆಲೆಯನ್ನು ಒಂದೇ ಅಂಕಿಯಾಗಿ ಬರೆಯದೆ, 200ರಿಂದ 207 ಎಂದೇ ಶೀಟಿನಲ್ಲಿ ಇಟ್ಟಿದ್ದೇನೆ.

ಮುಂದಿನ ಸರದಿ ಸೂಪರ್‌ಮಾರ್ಕೆಟ್ ಸರಪಳಿಯದ್ದು, ಕೈ ಆಗಲೇ ತುರಿಸುತ್ತಿದೆ. 2019ರ ಏಪ್ರಿಲ್‌ನಿಂದ ಗುತ್ತಿಗೆಗಳ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 116 ಪ್ರಕಾರ ಅಂಗಡಿ ಬಾಡಿಗೆಯ ಬಾಧ್ಯತೆಗಳೂ ಬ್ಯಾಲೆನ್ಸ್ ಶೀಟಿಗೆ ಬಂದಿವೆ. ಅವನ್ನು ಸಾಲವೆಂದು ತೂಕಕ್ಕೆ ಹಾಕಿದರೆ, ನಗದು ಹರಿವಿನಿಂದ ಬಾಡಿಗೆಯನ್ನು ಮತ್ತೆ ಕಳೆಯುವಂತಿಲ್ಲ. ಮೊದಲು ಹೋಲಿಕೆಯ ಕಂಪನಿಗಳ ಬೀಟಾದಿಂದ ಬಾಡಿಗೆಯ ಭಾರ ಇಳಿಸಬೇಕು. ವಾರ್ಷಿಕ ವರದಿಗಳನ್ನು ಇಳಿಸಿಕೊಂಡಿದ್ದೇನೆ, ಅರ್ಧಕ್ಕರ್ಧ ಸ್ಕ್ಯಾನ್ ಮಾಡಿದ ಪುಟಗಳು.